‘ನಮ್ಮ ಹುದ್ದೆಗೆ ನೀವು ದೊಡ್ಡವರಾದಿರಿ’ ಅನ್ನುವವರಿಗೆ ಕವರ್ ಮೇಲ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: “ನನಗೆ 42 ವರ್ಷ. ಬೆಂಗಳೂರಿನ ಒಂದು ಗಾರ್ಮೆಂಟ್ ರಫ್ತು ಕಂಪನಿಯಲ್ಲಿ ಫೈನಾನ್ಸ್ ಮ್ಯಾನೇಜರ್ ಆಗಿದ್ದೆ. ಕೈಕೆಳಗೆ 9 ಜನ, ವರ್ಷಕ್ಕೆ 19 ಲಕ್ಷ ಸಿಟಿಸಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೈಸೂರಲ್ಲಿ ಒಬ್ಬರೇ ಆದರು. ಏಪ್ರಿಲ್‌ನಲ್ಲಿ ಕೆಲಸ ಬಿಟ್ಟು ಎಲ್ಲರೂ ಇಲ್ಲಿಗೆ ಬಂದೆವು. ಈಗ ಸೀನಿಯರ್ ಅಕೌಂಟೆಂಟ್ ಹುದ್ದೆಗಳಿಗೆ, 8–9 ಲಕ್ಷದವು, ಅರ್ಜಿ ಹಾಕ್ತಿದ್ದೀನಿ. 23 ಕಡೆ ಕಳಿಸಿದೆ. ಎರಡೇ ಫೋನ್ ಬಂದವು, ಎರಡೂ ಕಡೆ ‘ನೀವು ಓವರ್‌ಕ್ವಾಲಿಫೈಡ್ ಮೇಡಂ’ ಅಂದರು. ರೆಸ್ಯೂಮ್‌ನಿಂದ ‘ಮ್ಯಾನೇಜರ್’ ತೆಗೆದುಬಿಡು ಅಂತ ತಮ್ಮ ಹೇಳ್ತಾನೆ. ನಿಜ ಹೇಳಬೇಕಂದ್ರೆ ಮ್ಯಾನೇಜರ್ ಕೆಲಸ ನನಗೆ ಸಾಕಾಗಿದೆ, ಲೆಕ್ಕದ ಕೆಲಸವೇ ಇಷ್ಟ. ಇದನ್ನ ಮೇಲ್‌ನಲ್ಲಿ ಹೇಗೆ ಬರೆಯೋದು? ಈಗ ಕಳಿಸ್ತಿರೋ ಮೇಲ್ ಮತ್ತು ರೆಸ್ಯೂಮ್ ಜೊತೆಗಿಟ್ಟಿದ್ದೀನಿ.” (ಓದುಗರು, ಮೈಸೂರು)

ಉತ್ತರ:

ನಿಮ್ಮ ಮೇಲ್ ಎರಡು ಸಲ ಓದಿದೆ. ಅದರಲ್ಲಿ ಒಂದು ಮಾತೂ ಸುಳ್ಳಿಲ್ಲ, ಭಾಷೆಯೂ ಚೆನ್ನಾಗಿದೆ. ಆದರೆ ಅದನ್ನು ಓದುವವರು ಕೇಳಿಕೊಳ್ಳುವ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ. “17 ವರ್ಷದ ಅನುಭವ ಇದೆ, 9 ಜನರ ತಂಡ ನಡೆಸಿದ್ದೇನೆ, ನಿಮ್ಮ ಸಂಸ್ಥೆಗೆ ಹೆಚ್ಚಿನ ಲಾಭ ತರಬಲ್ಲೆ” ಅಂತ ಬರೆದಿದ್ದೀರಿ. ನಿಮ್ಮ ಸಾಮರ್ಥ್ಯದ ಬಗ್ಗೆ ಅವರಿಗೆ ಮೊದಲೇ ಅನುಮಾನ ಇರಲಿಲ್ಲ. ಈ ಮಾತುಗಳನ್ನು ಓದಿದ ಮೇಲೆ ಅವರ ಭಯ ಜಾಸ್ತಿ ಆಗುತ್ತದೆ, ಅಷ್ಟೇ.

ಆ ಭಯ ಎಲ್ಲಿಂದ ಬರುತ್ತದೆ ಅನ್ನೋದನ್ನು ನನ್ನದೇ ಒಂದು ಅನುಭವದಿಂದ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತಿದ್ದೆ. ಸ್ಟೋರ್ಸ್ ಸೂಪರ್‌ವೈಸರ್ ಹುದ್ದೆಗೆ ದೊಡ್ಡ ಕಂಪನಿಯ ಮೆಟೀರಿಯಲ್ಸ್ ಮ್ಯಾನೇಜರ್ ಒಬ್ಬರು ಅರ್ಜಿ ಹಾಕಿದರು. ‘ಯಾವ ಸಂಬಳವಾದರೂ ಸರಿ’ ಅಂತ ಬರೆದಿದ್ದರು. ನನಗೆ ಖುಷಿಯಾಯಿತು, ಅಷ್ಟು ದುಡ್ಡಿಗೆ ಅಂಥವರು ಎಲ್ಲಿ ಸಿಗುತ್ತಾರೆ ಅಂತ. ಯಾಕೆ ಇಷ್ಟು ಕೆಳಗೆ ಇಳಿದು ಬರುತ್ತಿದ್ದೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕೇ ತಿಂಗಳಿಗೆ ಪುಣೆಯಿಂದ ಅವರ ಹಳೇ ದರ್ಜೆಯ ಕೆಲಸಕ್ಕೆ ಕರೆ ಬಂತು, ಹೊರಟುಹೋದರು. ಅದು ಮಾರ್ಚ್ ತಿಂಗಳು, ವರ್ಷದ ಸ್ಟಾಕ್ ಎಣಿಕೆ ಅರ್ಧಕ್ಕೆ ನಿಂತಿತ್ತು. ಮಾಲೀಕರು ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ಅಂಥ ರೆಸ್ಯೂಮ್ ಬಂದರೆ ಮೂಲೆಯಲ್ಲಿ ಪೆನ್ಸಿಲ್‌ನಿಂದ ‘ದೊಡ್ಡದು’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಒಳಗೆ ಏನಿದೆ ಅಂತ ತೆರೆದೂ ನೋಡುತ್ತಿರಲಿಲ್ಲ.

ನಿಮಗೆ ‘ಓವರ್‌ಕ್ವಾಲಿಫೈಡ್’ ಅಂದವರ ಹಿಂದೆಯೂ ಇಂಥದೇ ಒಂದು ಮಾರ್ಚ್ ಇರುವ ಸಾಧ್ಯತೆ ಜಾಸ್ತಿ. ಸಣ್ಣ ಕಂಪನಿಯಲ್ಲಿ ಅಕೌಂಟ್ಸ್‌ನವರು ಇರೋದೇ ಮೂರು ನಾಲ್ಕು ಜನ. ಒಬ್ಬರು ಬಿಟ್ಟರೆ ಹೊಸಬರು ಸಿಗಲು ಎರಡು ತಿಂಗಳು, ಅವರಿಗೆ ಅಲ್ಲಿನ ಲೆಕ್ಕ ಕೈಗೆ ಹತ್ತಲು ಇನ್ನೆರಡು ತಿಂಗಳು. ಅಷ್ಟರಲ್ಲಿ ನಾಲ್ಕು ಸಲ ಜಿಎಸ್‌ಟಿ ರಿಟರ್ನ್ ಹಾಕುವ ದಿನ ಬಂದು ಹೋಗಿರುತ್ತದೆ.

ಇನ್ನೊಂದು ವಿಷಯ. 23ರಲ್ಲಿ ಎರಡೇ ಫೋನ್ ಬಂದವು ಅಂತ ಬೇಸರ ಮಾಡಿಕೊಂಡಿದ್ದೀರಿ. ಉಳಿದ 21 ಜನ ನಿಮ್ಮನ್ನು ಬೇಡ ಅಂದರು ಅಂತ ಅಂದುಕೊಳ್ಳಬೇಡಿ. ಅವರಲ್ಲಿ ಬಹಳ ಜನ ನಿಮ್ಮ ಹೆಸರನ್ನೇ ನೋಡಿರಲಿಕ್ಕಿಲ್ಲ. ಉದ್ಯೋಗದ ಪೋರ್ಟಲ್‌ಗಳಲ್ಲಿ ನಾವು ಹುಡುಕುವಾಗ ಮೊದಲು ಅನುಭವದ ವರ್ಷ ಹಾಕುತ್ತೇವೆ, ಉದಾಹರಣೆಗೆ 5ರಿಂದ 9. ಆಮೇಲೆ ಸಂಬಳದ ಮಿತಿ ಹಾಕುತ್ತೇವೆ. 17 ವರ್ಷ, 19 ಲಕ್ಷ ಅಂತಿರುವ ನೀವು ಎರಡೂ ಜರಡಿಯಲ್ಲಿ ಮೇಲೇ ಉಳಿದುಬಿಡುತ್ತೀರಿ. ಪೋರ್ಟಲ್‌ನಲ್ಲಿ ಅಪ್ಲೈ ಬಟನ್ ಒತ್ತುವುದರಿಂದ ನಿಮ್ಮ ಸ್ಥಿತಿಯಲ್ಲಿರುವವರಿಗೆ ಹೆಚ್ಚು ಪ್ರಯೋಜನ ಇಲ್ಲ. ಹೆಸರು ಹಾಕಿ ನೇರವಾಗಿ ಕಳಿಸಿದ ಮೇಲ್ ಮಾತ್ರ ಮನುಷ್ಯರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಈ ಮೇಲ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಸರಿಯೇ. ಪೋರ್ಟಲ್‌ನಲ್ಲಿ ‘ನಿರೀಕ್ಷಿತ ಸಂಬಳ’ ಅಂತ ಒಂದು ಜಾಗ ಇರುತ್ತದೆ. ಅಲ್ಲಿ 8.5 ಅಂತ ಇವತ್ತೇ ಬದಲಾಯಿಸಿ. ಖಾಲಿ ಬಿಡಬೇಡಿ.

ಈಗ ತಮ್ಮನ ಸಲಹೆಗೆ ಬರೋಣ. ಹುದ್ದೆಯ ಹೆಸರು ತೆಗೆಯಬೇಡಿ. ನೀತಿಯ ಮಾತು ಪಕ್ಕಕ್ಕಿರಲಿ, ಅದು ಕೆಲಸಕ್ಕೇ ಬರುವುದಿಲ್ಲ. ಸೇರುವಾಗ ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಕೇಳುತ್ತಾರೆ, ಅದರಲ್ಲಿ ಹುದ್ದೆ ಇರುತ್ತದೆ. ಸಾಮಾನ್ಯವಾಗಿ ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕೇಳುತ್ತಾರೆ, ಅದರಲ್ಲಿ ಸಂಬಳವೂ ಹುದ್ದೆಯೂ ಇರುತ್ತವೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡಿಸುವ ಕಂಪನಿಯಾದರೆ ಹಳೇ ಎಚ್‌ಆರ್‌ಗೆ ಬರೆದು ಇದನ್ನೇ ಕೇಳುತ್ತಾರೆ. ಅಲ್ಲಿ ‘ಸೀನಿಯರ್ ಅಕೌಂಟೆಂಟ್’ ಅಂದವರು ‘ಫೈನಾನ್ಸ್ ಮ್ಯಾನೇಜರ್’ ಅಂತ ಗೊತ್ತಾದರೆ, ಹೆಚ್ಚು ಹೇಳಿದ್ದಾರೋ ಕಡಿಮೆ ಹೇಳಿದ್ದಾರೋ ಯಾರೂ ನೋಡುವುದಿಲ್ಲ. ತಾಳೆ ಆಗಲಿಲ್ಲ ಅಂತ ಬರೆದು ಕೈಬಿಡುತ್ತಾರೆ. ಅದೂ ಲೆಕ್ಕ ನೋಡುವ ಹುದ್ದೆಗೆ!

ಆದರೆ ರೆಸ್ಯೂಮ್ ಹಗುರ ಮಾಡುವುದು ಬೇರೆ. ಅದು ಧಾರಾಳವಾಗಿ ಮಾಡಬಹುದು. ಹುದ್ದೆ ಇದ್ದ ಹಾಗೇ ಇರಲಿ. ಅದರ ಕೆಳಗೆ ‘ತಂಡ ಮುನ್ನಡೆಸಿದೆ’, ‘ನಿರ್ದೇಶಕರ ಮಂಡಳಿಗೆ ವರದಿ ಕೊಟ್ಟೆ’ ಅಂತ ಆರು ಸಾಲು ಬರೆದಿದ್ದೀರಿ, ಅದನ್ನು ಒಂದೇ ಸಾಲಿಗೆ ಇಳಿಸಿ. ನಿಮ್ಮ ಕೈಯಾರೆ ಮಾಡಿದ ಕೆಲಸವನ್ನು ಮೇಲೆ ತನ್ನಿ. ಎರಡನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ನನಗೊಂದು ಸಾಲು ಸಿಕ್ಕಿತು: ರಫ್ತಿನ ಜಿಎಸ್‌ಟಿ ರಿಫಂಡ್ ಅರ್ಜಿಗಳನ್ನು ಕೊನೆಯ ತಿಂಗಳವರೆಗೂ ನೀವೇ ತಯಾರು ಮಾಡುತ್ತಿದ್ದಿರಿ. ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಬ್ಯಾಂಕ್ ರಿಯಲೈಸೇಷನ್ ಎಲ್ಲ ತಾಳೆ ನೋಡುವ ಕೆಲಸ ಅದು. 9 ಜನ ಇದ್ದ ಮ್ಯಾನೇಜರ್ ಅದನ್ನು ಯಾರಿಗಾದರೂ ವಹಿಸಬಹುದಿತ್ತು. ನೀವು ವಹಿಸಲಿಲ್ಲ. ಯಾಕೆ? ಇಷ್ಟವಾಗಿತ್ತು ಅಂತ ತಾನೇ? ನಿಮ್ಮ ಇಡೀ ಮೇಲ್‌ಗೆ ಬೇಕಾದ ಸಾಕ್ಷಿ ಅದೊಂದೇ. ಅದನ್ನು ನೀವು ಮೂಲೆಗೆ ಹಾಕಿಬಿಟ್ಟಿದ್ದೀರಿ.

ಮೇಲ್ ಓದುವವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಇರುತ್ತವೆ. ಈ ಊರು ಯಾಕೆ? ಈ ಕೆಲಸ ಯಾಕೆ? ಈ ಸಂಬಳಕ್ಕೆ ಎಷ್ಟು ದಿನ ಇರುತ್ತಾರೆ? ನಿಮ್ಮಂತೆ ಬರೆಯುವವರೆಲ್ಲ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಮುಗಿಸುತ್ತಾರೆ. ‘ತಾಯಿಯ ಆರೋಗ್ಯದ ಕಾರಣ ಮೈಸೂರಿಗೆ ಬಂದಿದ್ದೇನೆ’ ಅಂದರೆ ಊರು ಯಾಕೆ ಅಂತ ಗೊತ್ತಾಯಿತು. ಆದರೆ ಮೈಸೂರಲ್ಲೂ ಫೈನಾನ್ಸ್ ಮ್ಯಾನೇಜರ್ ಹುದ್ದೆಗಳಿವೆಯಲ್ಲ? ಅವು ಸಿಗುವವರೆಗೆ ಇಲ್ಲಿ ಕೂತಿರುತ್ತಾರೆ ಅಂತ ಓದುವವರು ತಾವೇ ಮುಂದಿನ ಸಾಲು ಬರೆದುಕೊಳ್ಳುತ್ತಾರೆ. ಬರೀ ಮನೆಯ ಕಾರಣ ಹೇಳಿದರೆ ಇನ್ನೊಂದು ತೊಂದರೆಯೂ ಇದೆ. ಅಮ್ಮನಿಗೆ ಹುಷಾರಿಲ್ಲ ಅಂದಾಗ ವಾರಕ್ಕೊಂದು ರಜೆ ಅಂತ ಲೆಕ್ಕ ಹಾಕುತ್ತಾರೆ. ಹೆಣ್ಣುಮಕ್ಕಳು ಬರೆದಾಗ ಇದು ಇನ್ನೂ ಜಾಸ್ತಿ. ಹಾಗಾಗಬಾರದು, ಆದರೆ ಆಗುತ್ತದೆ. ಅದಕ್ಕೇ ಆರೋಗ್ಯದ ಮಾತು ಬೇಡ. ಊರಿಗೆ ಬಂದು ನೆಲೆ ನಿಂತಿದ್ದೇವೆ ಅನ್ನೋದು ಸಾಕು.

ನಾನು ಮೇಲ್ ತಿದ್ದುವಾಗ ಒಂದೇ ಪರೀಕ್ಷೆ ಇಡುತ್ತೇನೆ. ಈ ಕಾರಣ ಮುಂದಿನ ವರ್ಷವೂ ನಿಜವಾಗಿರುತ್ತದಾ? ‘ಸದ್ಯಕ್ಕೆ ಬೇರೆ ಕೆಲಸ ಇಲ್ಲ’ ಅನ್ನೋದು ಮುಂದಿನ ವರ್ಷ ಸುಳ್ಳಾಗಬಹುದು. ‘ಸ್ವಲ್ಪ ಬಿಡುವು ಬೇಕಿತ್ತು’ ಅನ್ನೋದೂ ಅಷ್ಟೇ, ಬಿಡುವು ಆರು ತಿಂಗಳಿಗೆ ಮುಗಿಯುತ್ತದೆ. ‘ಮಗಳನ್ನು ಮೈಸೂರಿನ ಶಾಲೆಗೆ 8ನೇ ತರಗತಿಗೆ ಸೇರಿಸಿದ್ದೇವೆ’ ಅಂತ ಪತ್ರದಲ್ಲಿ ಒಂದು ಕಡೆ ಹೇಳಿದ್ದೀರಿ. ಇದು ಹತ್ತನೇ ಕ್ಲಾಸ್ ಮುಗಿಯುವವರೆಗೆ ನಿಜ. ಓದುವವರಿಗೆ ಮೂರು ವರ್ಷ ಕಣ್ಣಿಗೆ ಕಾಣುತ್ತದೆ. ‘ದೀರ್ಘಕಾಲ ಇರುತ್ತೇನೆ ಅಂತ ಭರವಸೆ ಕೊಡುತ್ತೇನೆ’ ಅಂತ ಬರೆದದ್ದು ಬೇಡ. ಭರವಸೆಯನ್ನು ಎಲ್ಲರೂ ಕೊಡುತ್ತಾರೆ. ಈಗಾಗಲೇ ಮಾಡಿ ಮುಗಿಸಿದ ಕೆಲಸ ಹೇಳಿ: ಶಾಲೆಗೆ ಸೇರಿಸಿದ್ದು, ಬೆಂಗಳೂರಿನ ಬಾಡಿಗೆ ಮನೆ ಬಿಟ್ಟದ್ದು, ರಿಫಂಡ್ ಕೆಲಸ ಯಾರಿಗೂ ಬಿಡದೆ ನೀವೇ ಮಾಡಿದ್ದು.

‘ಮ್ಯಾನೇಜರ್ ಕೆಲಸ ಸಾಕಾಗಿದೆ’ ಅನ್ನೋದು ನಿಮ್ಮ ಮನಸ್ಸಿನ ಮಾತು, ನನಗೆ ಅರ್ಥವಾಗುತ್ತದೆ. ಮೇಲ್‌ನಲ್ಲಿ ಮಾತ್ರ ಆ ಪದ ಬೇಡ. ಅದನ್ನು ಓದಿದವರಿಗೆ ದಣಿದ ಮನುಷ್ಯರು ಕಾಣುತ್ತಾರೆ. ಅಥವಾ ಹಳೇ ಕಂಪನಿಯಲ್ಲಿ ಏನೋ ನಡೆದಿರಬೇಕು ಅಂತ ಅನುಮಾನ ಬರುತ್ತದೆ. ಯಾವುದನ್ನು ಬಿಟ್ಟು ಬಂದಿರಿ ಅನ್ನುವುದಕ್ಕಿಂತ ಯಾವುದನ್ನು ಹುಡುಕಿಕೊಂಡು ಬಂದಿರಿ ಅಂತ ಬರೆಯಿರಿ. ಎರಡೂ ನಿಜವೇ, ಹೇಳುವುದು ಒಂದನ್ನು.

ಇನ್ನು, ಬಹಳ ಜನರಿಗೆ ತೋಚದ ಒಂದು ಅಡ್ಡಿ ಇದೆ. ನಿಮ್ಮ ಮೇಲ್ ಮಾಲೀಕರಿಗಿಂತ ಮೊದಲು ಅಲ್ಲಿನ ಅಕೌಂಟ್ಸ್ ಮ್ಯಾನೇಜರ್ ಓದುತ್ತಾರೆ. ಅವರಿಗೆ 33–34 ವರ್ಷ ಇರಬಹುದು. ನೀವು ಅವರಿಗೆ ರಿಪೋರ್ಟ್ ಮಾಡಬೇಕು. ‘ನಿಮ್ಮ ತಂಡಕ್ಕೆ ಮಾರ್ಗದರ್ಶನ ನೀಡಬಲ್ಲೆ, ಪ್ರಕ್ರಿಯೆಗಳನ್ನು ಸುಧಾರಿಸಬಲ್ಲೆ’ ಅಂತ ನೀವು ಒಳ್ಳೇ ಮನಸ್ಸಿನಿಂದ ಬರೆದಿದ್ದೀರಿ. ಅವರು ಓದುವುದು ಹೀಗೆ: ನನ್ನ ಕುರ್ಚಿಗೆ ಬರುತ್ತಿದ್ದಾರೆ. ಆ ಮೇಲ್ ಮಾಲೀಕರ ಮೇಜಿಗೆ ಹೋಗುವುದೇ ಇಲ್ಲ. ಮಾರ್ಗದರ್ಶನ, ಸುಧಾರಣೆ, ನಾಯಕತ್ವ, ಈ ಮೂರು ಪದ ಹೊಡೆದುಹಾಕಿ. ಬದಲಿಗೆ ಆ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಗೊತ್ತಿರುವ ಒಂದು ಸಂಕಟ ಇದೆಯಲ್ಲ, ಕೆಳಗಿನವರನ್ನು ದಿನಕ್ಕೆ ಮೂರು ಸಲ ಕೇಳಿ ಕೇಳಿ ಲೆಕ್ಕ ಪಡೆಯುವ ಸಂಕಟ, ಅದನ್ನು ಮುಟ್ಟಿ. ಕೇಳುವ ಮೊದಲೇ ಕೆಲಸ ಮುಗಿಸಿ ಕೊಡುವವರು ಬೇಕು ಅಂತ ನೀವೂ ಒಂದು ಕಾಲದಲ್ಲಿ ಹಂಬಲಿಸಿದ್ದಿರಿ ತಾನೇ?

ಅದೇ ಮ್ಯಾನೇಜರ್‌ಗೆ ಇನ್ನೊಂದು ಅನುಮಾನವೂ ಇರುತ್ತದೆ, ಮತ್ತು ಇದು ನ್ಯಾಯವಾದ ಅನುಮಾನ. ಐದು ವರ್ಷ ಬೇರೆಯವರ ಕೆಲಸ ನೋಡಿದವರ ಕೈ ಇನ್ನೂ ಓಡುತ್ತದಾ? 2024ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಪೋರ್ಟಲ್‌ಗೆ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಂತು. ಸಪ್ಲೈಯರ್ ಹಾಕಿದ ಪ್ರತಿ ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಅದರ ಪ್ರಕಾರ 14ನೇ ತಾರೀಖಿಗೆ 2ಬಿ ಅನ್ನುವ ಖರೀದಿ ತೆರಿಗೆಯ ಪಟ್ಟಿ ತಯಾರಾಗುತ್ತದೆ. ಅದನ್ನು ಖರೀದಿ ಪುಸ್ತಕದ ಜೊತೆ ತಾಳೆ ನೋಡಿ 20ರೊಳಗೆ 3ಬಿ ಅನ್ನುವ ತಿಂಗಳ ರಿಟರ್ನ್ ಹಾಕಬೇಕು. ಇದನ್ನು ನಿಮ್ಮ ತಂಡದವರು ಮಾಡುವಾಗ ನೀವು ಸಹಿ ಹಾಕಿದಿರಾ, ಅಥವಾ ನೀವೇ ಲಾಗಿನ್ ಆಗಿ ಮಾಡಿದ್ದೀರಾ? ಇಂಟರ್‌ವ್ಯೂನಲ್ಲಿ ಇದೊಂದನ್ನೇ ಕೇಳಿ ತೀರ್ಮಾನ ಮಾಡುವವರನ್ನು ನೋಡಿದ್ದೇನೆ. ನೀವೇ ಮಾಡಿಲ್ಲದಿದ್ದರೆ ಈಗಲೇ ಮಾಡಿ. ಪರಿಚಯದ ಒಬ್ಬ ವ್ಯಾಪಾರಿಯ ಅಥವಾ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಕಚೇರಿಯ ಎರಡು ತಿಂಗಳ ರಿಟರ್ನ್ ಕೆಲಸ ಕೈಯಾರೆ ಮಾಡಿಕೊಡಿ. ಏಪ್ರಿಲ್‌ನಿಂದ ಏನು ಮಾಡುತ್ತಿದ್ದೀರಿ ಅನ್ನುವ ಪ್ರಶ್ನೆಗೂ ಅದೇ ಉತ್ತರವಾಗುತ್ತದೆ.

ಸಂಬಳದ ಮಾತನ್ನು ಮೇಲ್‌ನಲ್ಲೇ ಎತ್ತಬೇಕಾ? ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ನಿಮ್ಮಂಥ ಸಂದರ್ಭದಲ್ಲಿ ಮಾತ್ರ ಎತ್ತಬೇಕು. ನಮ್ಮಲ್ಲಿ ಕೆಲಸ ಬದಲಿಸುವವರು ಹಿಂದಿನದಕ್ಕಿಂತ ಜಾಸ್ತಿ ಕೇಳುತ್ತಾರೆ ಅಂತ ಎಲ್ಲರಿಗೂ ರೂಢಿಯಾಗಿದೆ. ಅರ್ಧಕ್ಕಿಂತ ಕಡಿಮೆಗೆ ಬರುವವರನ್ನು ಕಂಡರೆ ‘ಆಮೇಲೆ ಏನೋ ಕೇಳುತ್ತಾರೆ’ ಅನಿಸುತ್ತದೆ. ‘ಯಾವ ಸಂಬಳವಾದರೂ ಸರಿ’ ಅಂದರೆ ಆ ಅನುಮಾನ ಎರಡು ಪಟ್ಟು. ನಾನು ಮೇಲೆ ಹೇಳಿದ ಸ್ಟೋರ್ಸ್‌ನವರು ಬರೆದದ್ದೂ ಅದನ್ನೇ. ಲೆಕ್ಕ ಹಾಕಿ ಬಂದಿದ್ದೇನೆ ಅಂತ ತೋರಿಸಿ.

ಅದಕ್ಕೆ ಮೊದಲು ನಿಜವಾಗಿಯೂ ಲೆಕ್ಕ ಹಾಕಿ. 8.5 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ ಸುಮಾರು 70,800. ಅದರಲ್ಲಿ ಕಂಪನಿಯ ಪಿಎಫ್ ಪಾಲು, ನಿಮ್ಮ ಪಿಎಫ್, ಗ್ರ್ಯಾಚ್ಯುಟಿ ಎಲ್ಲ ಕಳೆದರೆ ಕೈಗೆ ಬರುವುದು 60 ಸಾವಿರದ ಮೇಲೆ ಸ್ವಲ್ಪ. ಪಿಎಫ್ ಹೇಗೆ ಕಟ್ಟುತ್ತಾರೆ ಅನ್ನೋದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಬೆಂಗಳೂರಿನಲ್ಲಿ 32 ಸಾವಿರ ಬಾಡಿಗೆ ಕಟ್ಟುತ್ತಿದ್ದೆವು, ಈಗ ಅಮ್ಮನ ಮನೆ ಅಂದಿದ್ದೀರಿ. ಅಲ್ಲಿಗೇ ವರ್ಷಕ್ಕೆ 3 ಲಕ್ಷ 84 ಸಾವಿರ ಉಳಿಯಿತು. ಯಜಮಾನರ ಸಂಬಳ, ಮಗಳ ಫೀಸು, ಅಮ್ಮನ ಔಷಧಿ, ಸಾಲದ ಕಂತು ಎಲ್ಲ ಹಾಕಿ ಒಂದು ಹಾಳೆಯಲ್ಲಿ ಬರೆದು ನೋಡಿ. ತಿಂಗಳು ಸರಿದೂಗಿದರೆ ಮೇಲ್ ಬರೆಯಿರಿ. ದೂಗದಿದ್ದರೆ ನೀವು ಒಂದು ವರ್ಷದೊಳಗೆ ಬಿಟ್ಟೇ ಬಿಡುತ್ತೀರಿ, ಅವರ ಭಯವೇ ನಿಜವಾಗುತ್ತದೆ. ಆಗ 8.5ರ ಬದಲು 12–13 ಲಕ್ಷದ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಹುಡುಕುವುದೇ ಸರಿ.

ಈಗ ಮೇಲ್. ನೀವು ಕಳಿಸುವುದು ಇಂಗ್ಲಿಷ್‌ನಲ್ಲೇ ಇರಬಹುದು. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ರೆಡಿಮೇಡ್ ಸಾಲುಗಳು ತಾವಾಗಿಯೇ ಬಂದು ಕೂರುತ್ತವೆ. ಹೂಟಗಳ್ಳಿಯ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಜಾಹೀರಾತು ಕಳಿಸಿದ್ದೀರಲ್ಲ, ಅದಕ್ಕೆ ಹೊಂದಿಸಿ ಬರೆದಿದ್ದೇನೆ.

“ವಿಷಯ: ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಅರ್ಜಿ. ಮೈಸೂರಿನಲ್ಲೇ ವಾಸ, ತಕ್ಷಣ ಸೇರಬಹುದು

ನಮಸ್ಕಾರ ಸರ್,

ನಿಮ್ಮ ಹೂಟಗಳ್ಳಿ ಘಟಕದ ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ತಿಂಗಳ ಲೆಕ್ಕ ಮುಗಿಸುವುದು, ಜಿಎಸ್‌ಟಿ, ಟಿಡಿಎಸ್, ಬ್ಯಾಂಕ್ ತಾಳೆ: ನೀವು ಕೇಳಿರುವ ಈ ನಾಲ್ಕೂ ಕೆಲಸವನ್ನು ಟ್ಯಾಲಿಯಲ್ಲಿ ಕೈಯಾರೆ ಮಾಡಿದ್ದೇನೆ. ಕಳೆದ ಎರಡು ತಿಂಗಳಿಂದ ಇಲ್ಲಿನ ಒಂದು ವ್ಯಾಪಾರಿ ಸಂಸ್ಥೆಯ 2ಬಿ ತಾಳೆ ಮತ್ತು 3ಬಿ ನಾನೇ ನೋಡುತ್ತಿದ್ದೇನೆ.

ನನ್ನ ಹಿಂದಿನ ಹುದ್ದೆ ಫೈನಾನ್ಸ್ ಮ್ಯಾನೇಜರ್. ಇದು ಅದಕ್ಕಿಂತ ಕೆಳಗಿನದು ಅಂತ ತಿಳಿದೇ ಅರ್ಜಿ ಹಾಕಿದ್ದೇನೆ. ಆ ಹುದ್ದೆಯಲ್ಲೂ ರಫ್ತಿನ ಜಿಎಸ್‌ಟಿ ರಿಫಂಡ್ ಕೆಲಸವನ್ನು ಯಾರಿಗೂ ಬಿಡದೆ ಕೊನೆಯವರೆಗೆ ನಾನೇ ಮಾಡಿದೆ. ಕೂತು ಲೆಕ್ಕ ತಾಳೆ ಮಾಡುವ ಕೆಲಸವೇ ನನಗೆ ಬೇಕಿರುವುದು. ನಿಮ್ಮ ಹುದ್ದೆಯಲ್ಲಿ ಅದೇ ಇದೆ.

ಏಪ್ರಿಲ್‌ನಲ್ಲಿ ಕುಟುಂಬ ಸಮೇತ ಮೈಸೂರಿಗೆ ಬಂದು ಸ್ವಂತ ಮನೆಯಲ್ಲಿ ನೆಲೆಸಿದ್ದೇವೆ. ಮಗಳು ಇಲ್ಲೇ 8ನೇ ತರಗತಿಗೆ ಸೇರಿದ್ದಾಳೆ. ಜಾಹೀರಾತಿನ ಸಂಬಳದ ಮಿತಿ ನೋಡಿದ್ದೇನೆ, ಮನೆಯ ಖರ್ಚು ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ.

ಅಕೌಂಟ್ಸ್ ಮ್ಯಾನೇಜರ್‌ಗೆ ರಿಪೋರ್ಟ್ ಮಾಡುವ ಹುದ್ದೆ ಇದು. ನಾನೂ ಆ ಜಾಗದಲ್ಲಿ ಕೂತವಳು. ಕೇಳುವ ಮೊದಲೇ ಲೆಕ್ಕ ಮೇಜಿನ ಮೇಲಿದ್ದರೆ ಅವರಿಗೆ ಎಷ್ಟು ಅನುಕೂಲ ಅಂತ ನನಗೆ ಗೊತ್ತು. ಯಾವ ದಿನವಾದರೂ ಬಂದು ಭೇಟಿಯಾಗುತ್ತೇನೆ.”

ಇಷ್ಟೇ. ನಿಮ್ಮ ಹಳೆಯದು ಒಂದೂವರೆ ಪುಟ ಇತ್ತು, ಇದು ಫೋನಿನ ತೆರೆಯಲ್ಲಿ ಎರಡು ಸಲ ಸರಿಸಿದರೆ ಮುಗಿಯುತ್ತದೆ. ಕೆಳಗಿಳಿಯುವ ವಿಷಯಕ್ಕೆ ಒಂದೇ ಪ್ಯಾರಾ ಕೊಟ್ಟಿದ್ದೇನೆ, ಅದೂ ಎರಡನೆಯದು. ಅದರಿಂದಲೇ ಶುರು ಮಾಡಿದರೆ ತಪ್ಪೊಪ್ಪಿಗೆ ಥರ ಕಾಣುತ್ತದೆ. ಕೊನೆಗೆ ಇಟ್ಟರೆ ಅಲ್ಲಿಗೆ ಬರುವಷ್ಟರಲ್ಲಿ ಓದುವವರು ರೆಸ್ಯೂಮ್ ತೆರೆದು ಮ್ಯಾನೇಜರ್ ಅನ್ನೋದನ್ನು ನೋಡಿ ತೀರ್ಮಾನ ಮಾಡಿ ಆಗಿರುತ್ತದೆ. ‘ತಿಳಿದೇ ಅರ್ಜಿ ಹಾಕಿದ್ದೇನೆ’ ಅನ್ನುವ ಸಾಲು ಚಿಕ್ಕದು, ಆದರೆ ಅದನ್ನು ತೆಗೆಯಬೇಡಿ. ಜಾಹೀರಾತು ಸರಿಯಾಗಿ ಓದದೆ ಸಿಕ್ಕ ಸಿಕ್ಕ ಕಡೆಗೆಲ್ಲ ಕಳಿಸುವವರು ಬಹಳ ಜನ ಇದ್ದಾರೆ. ನೀವು ಅವರಲ್ಲಿ ಒಬ್ಬರಲ್ಲ ಅಂತ ಹೇಳುವ ಸಾಲು ಅದು. ವ್ಯಾಪಾರಿಯ ರಿಟರ್ನ್ ಸಾಲನ್ನು ಆ ಕೆಲಸ ನಿಜವಾಗಿ ಮಾಡಿದ ಮೇಲೆಯೇ ಸೇರಿಸಿ. ಅಲ್ಲಿಯವರೆಗೆ ಬಿಟ್ಟು ಕಳಿಸಿ.

ಇದರಲ್ಲಿ ಅಪಾಯ ಇಲ್ಲವೇ ಅಂದರೆ, ಇದೆ. ಒಂದಂತೂ ನೀವು ಕಣ್ಣು ತೆರೆದು ಒಪ್ಪಿಕೊಳ್ಳಬೇಕು. ಎರಡು ಮೂರು ವರ್ಷದ ನಂತರ ಮನಸ್ಸು ಬದಲಾಗಿ ದೊಡ್ಡ ಹುದ್ದೆಗೆ ಹೋಗಬೇಕು ಅನಿಸಿದರೆ, ಆಗ ಕೇಳುವ ಪೇ ಸ್ಲಿಪ್ 8.5 ಲಕ್ಷದ್ದು. ನಮ್ಮ ಕಂಪನಿಗಳು ಹಿಂದಿನ ಸಂಬಳದ ಮೇಲೆ ಶೇಕಡಾ ಇಷ್ಟು ಅಂತಲೇ ಲೆಕ್ಕ ಹಾಕುತ್ತವೆ. 19 ಲಕ್ಷ ಇತ್ತು ಅನ್ನೋದು ಹಳೇ ಕಥೆಯಾಗುತ್ತದೆ. ವಾಪಸ್ ಏರಲು ಬಹಳ ಸಮಯ ಹಿಡಿಯಬಹುದು. ಆ ದಾರಿ ತೆರೆದಿಡಬೇಕು ಅಂತ ನಿಮಗೆ ಒಳಗೊಳಗೆ ಅನಿಸುತ್ತಿದ್ದರೆ, ಖಾಯಂ ಕೆಲಸಕ್ಕಿಂತ ಎರಡು ಮೂರು ಸಣ್ಣ ಘಟಕಗಳ ಲೆಕ್ಕವನ್ನು ಅರೆಕಾಲಿಕವಾಗಿ ನೋಡಿಕೊಳ್ಳುವುದು ಒಳ್ಳೇದು. ಹುದ್ದೆಯ ಹೆಸರಿನ ತಕರಾರು ಅಲ್ಲಿಲ್ಲ. ಆದರೆ ಪಿಎಫ್ ಇಲ್ಲ, ರಜೆಯ ಸಂಬಳ ಇಲ್ಲ, ದುಡ್ಡು ತಿಂಗಳ ಕೊನೆಗೇ ಬರುತ್ತದೆ ಅಂತಲೂ ಇಲ್ಲ.

ಇನ್ನು ಈ ಮೇಲ್ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಕೆಲವು ಕಡೆ ‘ಓವರ್‌ಕ್ವಾಲಿಫೈಡ್’ ಅಂದರೆ ವಯಸ್ಸು ಜಾಸ್ತಿ ಅಂತಲೇ ಅರ್ಥ. ಮ್ಯಾನೇಜರ್‌ಗಿಂತ ದೊಡ್ಡವರು ಬೇಡ ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಅದು ಹೇಗೆ ಗೊತ್ತಾಗುತ್ತದೆ ಅಂದರೆ, ಅವರು ಪ್ರಶ್ನೆ ಕೇಳುವುದಿಲ್ಲ. ಸಂಬಳ, ಊರು, ಎಷ್ಟು ವರ್ಷ ಇರುತ್ತೀರಿ ಅಂತ ಕೇಳಿದರೆ ಇನ್ನೂ ದಾರಿ ಇದೆ ಅಂತ. ಏನೂ ಕೇಳದೆ ‘ನೋಡೋಣ ಮೇಡಂ’ ಅಂದರೆ ಅಲ್ಲಿ ಸಮಯ ಕಳೆಯಬೇಡಿ. ನಿಮಗೆ ಬಂದ ಎರಡೂ ಫೋನ್‌ನಲ್ಲಿ ಅವರು ಏನು ಕೇಳಿದರು, ನೆನಪು ಮಾಡಿಕೊಳ್ಳಿ. ಪ್ರಶ್ನೆ ಕೇಳಿದ್ದರೆ ಅವರಿಗೇ ಈ ಹೊಸ ಮೇಲ್ ಮತ್ತೆ ಕಳಿಸಬಹುದು. ‘ಅವತ್ತು ಫೋನ್‌ನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ’ ಅಂತ ಒಂದು ಸಾಲು ಮೇಲೆ ಸೇರಿಸಿ. ಇದರಲ್ಲಿ ಸಂಕೋಚ ಬೇಡ. ಬೇರೆಯವರನ್ನು ತೆಗೆದುಕೊಂಡು ಅವರು ಸೇರದೇ ಹೋದ ಹುದ್ದೆಗಳು ಎಷ್ಟೋ ಇರುತ್ತವೆ.

ಫೋನ್ ಬಂದಾಗ ಮೇಲ್‌ನಲ್ಲಿ ಬರೆದದ್ದನ್ನೇ, ಅದೇ ಮಾತಿನಲ್ಲಿ ಹೇಳಿ. ಮೇಲ್‌ನಲ್ಲಿ ಲೆಕ್ಕದ ಕೆಲಸ ಇಷ್ಟ ಅಂದವರು ಫೋನಿನಲ್ಲಿ ‘ಏನು ಮಾಡೋದು ಸರ್, ಅಮ್ಮ ಒಬ್ಬರೇ’ ಅಂತ ಶುರು ಮಾಡಿದರೆ ಮತ್ತೆ ಮೊದಲಿಗೇ ಬಂತು. ಅಮ್ಮನ ವಿಷಯ ಅವರೇ ಕೇಳಿದರೆ, ಹಗಲು ನೋಡಿಕೊಳ್ಳಲು ಯಾರಿದ್ದಾರೆ ಅನ್ನೋದನ್ನು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿ.

ಕಳಿಸುವ ದಿನವನ್ನೂ ನೋಡಿ. 7ನೇ ತಾರೀಖು ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್ 1, 15ಕ್ಕೆ ಪಿಎಫ್, 20ಕ್ಕೆ 3ಬಿ. ಆ ದಿನಗಳಲ್ಲಿ ಅಕೌಂಟ್ಸ್ ಮ್ಯಾನೇಜರ್‌ಗೆ ಬಂದ ಮೇಲ್ ಕೆಳಗೆ ಹೂತುಹೋಗುತ್ತದೆ, ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? 21ರಿಂದ 26ರ ಒಳಗೆ, ಬೆಳಿಗ್ಗೆ ಕಳಿಸಿ. ಉತ್ತರ ಬರದಿದ್ದರೆ ಮುಂದಿನ ತಿಂಗಳ 21ರವರೆಗೆ ಕಾಯಿರಿ, ಆಮೇಲೆ ಒಂದು ಫೋನ್ ಮಾಡಿ.